ಡಿಕ್ರಿ ಬಂತು, ಸಾಲ ಬಿಡಲಿಲ್ಲ

ಪುಣೆಯ ಡಿಸ್ಟ್ರಿಕ್ಟ್ ಕೋರ್ಟ್ ಮೆಟ್ರೋ ನಿಲ್ದಾಣದಿಂದ ಹೊರಬಿದ್ದರೆ ಶಿವಾಜಿನಗರದ ಜಿಲ್ಲಾ ನ್ಯಾಯಾಲಯವೂ ಫ್ಯಾಮಿಲಿ ಕೋರ್ಟೂ ನಡೆದು ಹೋಗುವಷ್ಟು ಹತ್ತಿರ. ಹಿಂಜವಡಿ, ವಾಕಡ್, ಖರಾಡಿ ಕಡೆಯ ಕಂಪನಿಗಳಲ್ಲಿ ದುಡಿಯುವ ಗಂಡಹೆಂಡಿರು ಬೇರೆಯಾಗಬೇಕೆಂದರೆ ಕೊನೆಗೆ ಬರುವುದು ಇಲ್ಲಿಗೇ. ಹುಬ್ಬಳ್ಳಿ, ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಈ ದಾರಿ ಹೊಸದಲ್ಲ. ಮಗು ಯಾರ ಹತ್ತಿರ, ಒಡವೆ ಯಾರಿಗೆ, ಜೀವನಾಂಶ ಎಷ್ಟು ಎಂಬುದನ್ನು ಎರಡೂ ಕಡೆಯವರು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಆದರೆ ಇಬ್ಬರ ಸಹಿ ಇರುವ ಗೃಹಸಾಲದ ಮಾತು ಬಂದಾಗ, 'ಉಳಿದ ಸಾಲವನ್ನು ಪತ್ನಿ ತೀರಿಸತಕ್ಕದ್ದು' ಎಂಬ ಒಂದೇ ಸಾಲು ಬರೆದು ಮುಗಿಸಿಬಿಡುತ್ತಾರೆ. ಕನ್ಸೆಂಟ್ ಟರ್ಮ್ಸ್ ಎಂದು ಇಲ್ಲಿನ ವಕೀಲರು ಕರೆಯುವ ಒಪ್ಪಂದದಲ್ಲಿ ಈ ಒಂದು ಸಾಲು ಮುಂದೆ ಎಷ್ಟೋ ವರ್ಷ ಇಬ್ಬರನ್ನೂ ಕಾಡುತ್ತದೆ.

ಲೆಕ್ಕ ಹಿಡಿದು ಮಾತಾಡಲು ಒಂದು ಕಲ್ಪಿತ ಜೋಡಿಯನ್ನು ಇಟ್ಟುಕೊಳ್ಳೋಣ. ವಾಕಡ್‌ನಲ್ಲಿ ₹70 ಲಕ್ಷದ ಫ್ಲ್ಯಾಟು, ಇಬ್ಬರ ಹೆಸರಲ್ಲಿ. ಕೈಯಿಂದ ಹಾಕಿದ್ದು ₹14 ಲಕ್ಷ. ಅದರಲ್ಲಿ ಗಂಡನದು 8, ಹೆಂಡತಿಯದು 6. ಉಳಿದ ₹56 ಲಕ್ಷ ಬ್ಯಾಂಕ್ ಸಾಲ, 20 ವರ್ಷಕ್ಕೆ. ಬಡ್ಡಿ ಏರಿಳಿಯುವುದನ್ನು ಬದಿಗಿಟ್ಟು ಶೇ. 8.5 ಎಂದೇ ಹಿಡಿದರೆ ಕಂತು ತಿಂಗಳಿಗೆ ಸುಮಾರು ₹48,600. ಕಂತು ಹೋಗುವುದು ಗಂಡನ ಸಂಬಳದ ಖಾತೆಯಿಂದ. ಹೆಂಡತಿಯ ಸಂಬಳ ಮಗುವಿನ ಶಾಲೆ, ದಿನಸಿ, ಸೊಸೈಟಿ ಮೆಂಟೆನೆನ್ಸ್‌ಗೆ ಹೋಗುತ್ತದೆ. 7 ವರ್ಷ ಹೀಗೆ ನಡೆದು, ಆಮೇಲೆ ಗಂಡ ಮನೆ ಬಿಟ್ಟು ಬೇರೆ ಇರುತ್ತಾನೆ. ಅಲ್ಲಿಂದ ಡಿಕ್ರಿ ಆಗುವವರೆಗೆ ಇನ್ನೂ 18 ತಿಂಗಳು ಕಳೆಯುತ್ತದೆ. ಆಗ ಫ್ಲ್ಯಾಟಿನ ಬೆಲೆ ₹95 ಲಕ್ಷ.

ತಪ್ಪು ಕಲ್ಪನೆ: ಸಾಲ ಅವಳು ಕಟ್ಟಬೇಕೆಂದು ಕೋರ್ಟು ಬರೆದ ಮೇಲೆ ನನಗೂ ಬ್ಯಾಂಕಿಗೂ ಸಂಬಂಧವಿಲ್ಲ

ವಾಸ್ತವ: ಸಂಬಂಧ ಮೊದಲಿದ್ದಂತೆಯೇ ಇರುತ್ತದೆ. ವಿಚ್ಛೇದನದ ಅರ್ಜಿಯಲ್ಲಿ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ. ಬ್ಯಾಂಕು ಆ ಅರ್ಜಿಯಲ್ಲಿ ಎಲ್ಲೂ ಇಲ್ಲ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ ದಂಪತಿಗಳ ನಡುವಿನ ಆಸ್ತಿ ವಿವಾದವನ್ನು ತೀರ್ಮಾನಿಸುವ ಅಧಿಕಾರವನ್ನು ಆ ಕೋರ್ಟಿಗೆ ಕೊಟ್ಟಿದೆ, ನಿಜ. ಆದರೆ ಅದು ಇವರಿಬ್ಬರ ನಡುವಿನ ತೀರ್ಮಾನ, ಕಕ್ಷಿದಾರನೇ ಅಲ್ಲದ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಸಾಲದ ಕರಾರು 1872ರ ಕರಾರು ಕಾಯ್ದೆಯಡಿ ನಡೆಯುತ್ತದೆ. ಅದರ 43ನೆಯ ಕಲಂ ಪ್ರಕಾರ ಇಬ್ಬರು ಸೇರಿ ಕೊಟ್ಟ ವಚನವನ್ನು ಪೂರ್ತಿಯಾಗಿ ನಡೆಸಿಕೊಡು ಎಂದು ಒಬ್ಬರನ್ನೇ ಕೇಳಬಹುದು. ಅರ್ಧ ನನ್ನದು, ಅರ್ಧ ಅವಳದು ಎಂಬ ಉತ್ತರ ಬ್ಯಾಂಕಿನ ಮುಂದೆ ನಡೆಯುವುದಿಲ್ಲ. ಕಟ್ಟಿದವನು ಆಮೇಲೆ ಇನ್ನೊಬ್ಬರಿಂದ ಅವರ ಪಾಲು ವಸೂಲು ಮಾಡಿಕೊಳ್ಳಬಹುದು ಎಂದು ಅದೇ ಕಲಂ ಹೇಳುತ್ತದೆ. ಆದರೆ ಅದು ಇವರಿಬ್ಬರ ಇನ್ನೊಂದು ಜಗಳ.

ಹಾಗಾದರೆ ಬಿಡುಗಡೆ ಹೇಗೆ? ಹಳೆಯ ಕರಾರಿನ ಜಾಗದಲ್ಲಿ ಹೊಸ ಕರಾರು ಬರಬೇಕು, ಅದಕ್ಕೆ ಬ್ಯಾಂಕು ಒಪ್ಪಬೇಕು. 62ನೆಯ ಕಲಂ ಹೇಳುವುದು ಇದನ್ನೇ. ಡಿಕ್ರಿಯ ನಕಲನ್ನು ಕೌಂಟರಿನಲ್ಲಿ ಕೊಟ್ಟು 'ನನ್ನ ಹೆಸರು ತೆಗೀರಿ ಸರ್' ಎಂದರೆ ಆಗುವ ಕೆಲಸ ಇದಲ್ಲ. ಸಾಲದಲ್ಲಿ ಉಳಿಯುವವರ ಆದಾಯ ಒಂದರ ಮೇಲೆಯೇ ಈ ಸಾಲ ನಿಲ್ಲುತ್ತದೆಯೇ ಎಂದು ಬ್ಯಾಂಕು ಹೊಸ ಅರ್ಜಿಯನ್ನು ನೋಡುವ ಹಾಗೆಯೇ ನೋಡುತ್ತದೆ. ನಿಲ್ಲದಿದ್ದರೆ ಅಣ್ಣನನ್ನೋ ತಂದೆಯನ್ನೋ ಸಹಸಾಲಗಾರರಾಗಿ ತನ್ನಿ ಎನ್ನುತ್ತದೆ, ಇಲ್ಲವೇ ಒಂದಷ್ಟು ಅಸಲು ಕಟ್ಟಿ ಸಾಲ ಇಳಿಸಿ ಎನ್ನುತ್ತದೆ. ಹಾಗೂ ಆಗದಿದ್ದರೆ ಅರ್ಜಿ ತಳ್ಳಿಹಾಕುತ್ತದೆ. ಬ್ಯಾಂಕಿಗೆ ಇದರಲ್ಲಿ ಲಾಭವೇನೂ ಇಲ್ಲ ಎಂಬುದನ್ನು ನೆನಪಿಡಿ. ಅದರ ಕೈಯಲ್ಲಿ ಈಗ ಇಬ್ಬರು ಹೊಣೆಗಾರರಿದ್ದಾರೆ, ನೀವು ಒಬ್ಬರನ್ನು ಬಿಡಿ ಎಂದು ಕೇಳುತ್ತಿದ್ದೀರಿ.

ಎರಡನೆಯ ದಾರಿಯೊಂದಿದೆ, ಎಷ್ಟೋ ಸಲ ಅದೇ ಸುಲಭ. ಮನೆ ಉಳಿಸಿಕೊಳ್ಳುವವರು ಬೇರೆ ಬ್ಯಾಂಕಿನಲ್ಲಿ ತಮ್ಮೊಬ್ಬರ ಹೆಸರಲ್ಲೇ ಸಾಲ ಮಂಜೂರು ಮಾಡಿಸಿಕೊಂಡು ಹಳೆಯ ಸಾಲವನ್ನು ಪೂರ್ತಿ ತೀರಿಸಿಬಿಡುವುದು. ವ್ಯಕ್ತಿಗಳು ಫ್ಲೋಟಿಂಗ್ ಬಡ್ಡಿದರದಲ್ಲಿ ಪಡೆದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಎಂದೋ ಹೇಳಿದೆ. ಹಳೆಯ ಸಾಲವೇ ಮುಗಿದರೆ ಹೆಸರು ತೆಗೆಸುವ ಪ್ರಶ್ನೆಯೇ ಇರುವುದಿಲ್ಲ. ಮೂರನೆಯದು ಮನೆ ಮಾರಿ ಸಾಲ ತೀರಿಸಿ ಉಳಿದದ್ದನ್ನು ಹಂಚಿಕೊಳ್ಳುವುದು. ಮನಸ್ಸಿಗೆ ಕಷ್ಟವಾದರೂ ಕಾಗದಕ್ಕೆ ಅದರಷ್ಟು ಸ್ವಚ್ಛವಾದದ್ದು ಇನ್ನೊಂದಿಲ್ಲ.

ಈ ಮೂರರಲ್ಲಿ ಯಾವುದೂ ಆಗದೆ ಬರೀ ಡಿಕ್ರಿಯ ಭರವಸೆಯಲ್ಲಿ ಹೊರಟರೆ ಏನಾಗುತ್ತದೆ ಎಂಬುದು ಕೆಲವು ವರ್ಷಗಳ ಮೇಲೆ ಗೊತ್ತಾಗುತ್ತದೆ. ಗಂಡ ಹೊಸ ಮನೆಗೆ ಸಾಲ ಕೇಳಲು ಹೋಗುತ್ತಾನೆ. ಅವನ ಸಿಬಿಲ್ ವರದಿಯಲ್ಲಿ ವಾಕಡ್ ಫ್ಲ್ಯಾಟಿನ ಸಾಲ ಪೂರ್ತಿಯಾಗಿ ನಿಂತಿರುತ್ತದೆ. ಜಂಟಿ ಸಾಲ ಇಬ್ಬರ ವರದಿಯಲ್ಲೂ ಇಡಿಯಾಗಿಯೇ ಕಾಣುತ್ತದೆ, ಅರ್ಧರ್ಧವಾಗಿ ಅಲ್ಲ. ಇವನು ಕಟ್ಟದಿದ್ದರೂ ಆ ಕಂತನ್ನು ಇವನ ತಲೆಗೆ ಹಾಕಿ, ಉಳಿದ ಸಂಬಳಕ್ಕೆ ಎಷ್ಟು ಸಾಲ ಕೊಡಬಹುದೆಂದು ಹೊಸ ಬ್ಯಾಂಕು ಲೆಕ್ಕ ಹಾಕುತ್ತದೆ.

ತಪ್ಪು ಕಲ್ಪನೆ: ಕಂತು ಕಟ್ಟಿದ್ದು ನಾನು, ಮನೆ ನನ್ನದು

ಇದರ ಎದುರು ಪಕ್ಷದ ಮಾತೂ ಅಷ್ಟೇ ತಪ್ಪು: 'ಮದುವೆಯಾದ ಮೇಲೆ ಬಂದದ್ದೆಲ್ಲ ಅರ್ಧರ್ಧ'. ಭಾರತದಲ್ಲಿ ಹಾಗೊಂದು ಸಾರಾಸಗಟು ನಿಯಮವಿಲ್ಲ. ಪೋರ್ಚುಗೀಸ್ ಕಾಲದ ನಾಗರಿಕ ಸಂಹಿತೆ ಇನ್ನೂ ನಡೆಯುತ್ತಿರುವ ಗೋವಾ ಇದಕ್ಕೆ ಹೊರತು. ಅಲ್ಲಿ ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ದಂಪತಿಗಳ ಆಸ್ತಿ ಸಾಮಾನ್ಯವಾಗಿ ಇಬ್ಬರಿಗೂ ಸೇರಿದ್ದು. ಪುಣೆಯಲ್ಲಾಗಲಿ ಬೆಂಗಳೂರಲ್ಲಾಗಲಿ ನೋಡುವುದು ಮೊದಲಿಗೆ ಹಕ್ಕಿನ ಕಾಗದ: ನೋಂದಣಿಯ ಇಂಡೆಕ್ಸ್ ಟೂನಲ್ಲಿ ಯಾರ ಹೆಸರಿದೆ ಎಂದು. ಸಾಲದ ಕಾಗದದಲ್ಲಿ ಹೆಸರಿದ್ದು ಇಂಡೆಕ್ಸ್ ಟೂನಲ್ಲಿ ಇಲ್ಲದವರೂ ಉಂಟು. ಸಾಲ ಹೆಚ್ಚು ಸಿಗಲಿ ಎಂದು ಹೆಂಡತಿಯನ್ನು ಸಹಸಾಲಗಾರಳಾಗಿ ಸೇರಿಸಿ, ಮನೆ ಮಾತ್ರ ಗಂಡನ ಹೆಸರಲ್ಲಿ ಕೊಂಡಿರುತ್ತಾರೆ. ಅವಳಿಗೆ ಹೊಣೆ ಪೂರ್ತಿ, ಹಕ್ಕು ಸೊನ್ನೆ. ಇಂಥವರು ಮೊದಲು ಕೇಳಬೇಕಾದದ್ದು ಮನೆಯ ಪಾಲನ್ನಲ್ಲ, ಸಾಲದಿಂದ ಬಿಡುಗಡೆಯನ್ನು.

ಇಬ್ಬರ ಹೆಸರೂ ಇದ್ದಾಗ ಕಂತು ಒಬ್ಬನ ಖಾತೆಯಿಂದ ಹೋಯಿತೆಂಬ ಒಂದೇ ಕಾರಣಕ್ಕೆ ಮನೆ ಪೂರ್ತಿ ಅವನದಾಗುವುದಿಲ್ಲ. 2025ರಲ್ಲಿ ದೆಹಲಿ ಹೈಕೋರ್ಟು ಇಂಥದೇ ವ್ಯಾಜ್ಯದಲ್ಲಿ, ಆಸ್ತಿ ದಂಪತಿಗಳ ಜಂಟಿ ಹೆಸರಲ್ಲಿದ್ದರೆ ಹಣ ಕೊಟ್ಟದ್ದು ನಾನೊಬ್ಬನೇ ಎಂಬ ಆಧಾರದ ಮೇಲೆ ಗಂಡ ಪೂರ್ತಿ ಮಾಲೀಕತ್ವ ಕೇಳುವುದು ಬೇನಾಮಿ ಕಾಯ್ದೆಗೆ ವಿರುದ್ಧ ಎಂದಿತು. ಕಾನೂನನ್ನು ಬದಿಗಿಟ್ಟರೂ ನ್ಯಾಯ ಅದೇ. ಅವನು ಕಂತು ಕಟ್ಟಲು ಸಾಧ್ಯವಾದದ್ದು ಮನೆಯ ಉಳಿದ ಖರ್ಚನ್ನು ಅವಳು ಹೊತ್ತದ್ದರಿಂದ.

ಇನ್ನು ಕಂತಿನ ಒಳಗೇನಿದೆ ನೋಡಿ. ನಮ್ಮ ಜೋಡಿಯಲ್ಲಿ ಗಂಡ 7 ವರ್ಷದಲ್ಲಿ 84 ಕಂತು, ಅಂದರೆ ಸುಮಾರು ₹40.8 ಲಕ್ಷ ಕಟ್ಟಿದ. 'ನಲವತ್ತು ಲಕ್ಷ ಕಟ್ಟಿದೀನಿ' ಎಂದು ಅವನು ಹೇಳುವುದು ಸುಳ್ಳಲ್ಲ. ಆದರೆ ಸಾಲ ₹56 ಲಕ್ಷದಿಂದ ಇಳಿದದ್ದು ₹45.8 ಲಕ್ಷಕ್ಕೆ ಮಾತ್ರ. ಅಸಲಿಗೆ ಹೋದದ್ದು ₹10.2 ಲಕ್ಷ, ಮಿಕ್ಕದ್ದೆಲ್ಲ ಬಡ್ಡಿ. ಆ ಬಡ್ಡಿ ಇಬ್ಬರೂ ಒಂದೇ ಸೂರಿನಡಿ ಬಾಳಿದ ಕಾಲದ ಖರ್ಚು. ಅದನ್ನು ಈಗ ವಾಪಸು ಕೇಳುವುದು ಆ ಕಾಲದ ದಿನಸಿಯ ಬಿಲ್ಲನ್ನು ವಾಪಸು ಕೇಳಿದಷ್ಟೇ ಅಸಂಬದ್ಧ.

ಅದಕ್ಕೇ ಮೊದಲು ಬ್ಯಾಂಕಿನಿಂದ ತರಿಸಬೇಕಾದದ್ದು ಸಾಲದ ಪೂರ್ತಿ ಸ್ಟೇಟ್‌ಮೆಂಟು, ಅಸಲು ಬಡ್ಡಿ ಬೇರೆ ಬೇರೆ ತೋರಿಸುವಂಥದ್ದು. ಅದರಲ್ಲಿ ಬೇರೆಯಾದ ದಿನದ ಬಾಕಿಯನ್ನು ಗುರುತು ಹಾಕಿಕೊಳ್ಳಿ. ಅಲ್ಲಿಯವರೆಗಿನದು ಸಂಸಾರದ ಲೆಕ್ಕ, ಅಲ್ಲಿಂದ ಮುಂದಿನದು ವ್ಯವಹಾರದ ಲೆಕ್ಕ.

ತಪ್ಪು ಕಲ್ಪನೆ: ಬೇರೆಯಾದ ಮೇಲೆ ಕಟ್ಟಿದ ಕಂತನ್ನೆಲ್ಲ ನನ್ನ ಪಾಲಿಗೆ ಜಮಾ ಮಾಡಬೇಕು

ಜಗಳ ಗಟ್ಟಿಯಾಗುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ. ಬೇರೆಯಾದ ಮೇಲಿನ 18 ತಿಂಗಳಲ್ಲಿ ಗಂಡ ಕಟ್ಟಿದ್ದು ಸುಮಾರು ₹8.75 ಲಕ್ಷ. ಹೆಂಡತಿಯೂ ಮಗುವೂ ಅದೇ ಫ್ಲ್ಯಾಟಿನಲ್ಲಿದ್ದರು. ಸಾಲದ ಬಾಕಿ ₹45.8 ಲಕ್ಷದಿಂದ ₹42.7 ಲಕ್ಷಕ್ಕೆ ಇಳಿಯಿತು. ಅಂದರೆ ಅಸಲು ₹3.1 ಲಕ್ಷ, ಬಡ್ಡಿ ಸುಮಾರು ₹5.65 ಲಕ್ಷ.

ಅಸಲಿನ ಮಾತು ಸರಳ. ₹3.1 ಲಕ್ಷ ಇಬ್ಬರ ಸಾಲವನ್ನೂ ಇಳಿಸಿತು, ಕಟ್ಟಿದ್ದು ಒಬ್ಬನೇ. ಅವಳ ಪಾಲಿನ ಅರ್ಧ, ₹1.55 ಲಕ್ಷ, ಅವನಿಗೆ ಜಮಾ ಆಗಬೇಕು. ಬಡ್ಡಿಯನ್ನು ಏನು ಮಾಡುವುದು? ಅದು ಹೆಚ್ಚುಕಡಿಮೆ ಆ ಮನೆಯಲ್ಲಿ ಇದ್ದದ್ದಕ್ಕೆ ಕೊಟ್ಟ ಬಾಡಿಗೆಯಂತೆ. ಇದ್ದವಳು ಅವಳು. ಆದರೆ ಅವಳಿಗೂ ಮಗುವಿಗೂ ಸೂರು ಒದಗಿಸುವ ಹೊಣೆಯಲ್ಲಿ ಅವನದೂ ಪಾಲಿದೆಯಲ್ಲ? ಹಾಗಾಗಿ ಈ ಬಡ್ಡಿಯನ್ನು ಮಧ್ಯಂತರ ಜೀವನಾಂಶದ ಭಾಗ ಎಂದು ಹಿಡಿದು, ಹಾಗೆಂದೇ ಬರೆದು ಮುಗಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ. ಇದು ಕಾನೂನಿನ ಸೂತ್ರವಲ್ಲ, ಇಬ್ಬರೂ ಒಪ್ಪಿದರೆ ನಡೆಯುವ ಲೆಕ್ಕ. ಹೆಂಡತಿ ಗಂಡನಿಗಿಂತ ಹೆಚ್ಚು ದುಡಿಯುವವಳಾದರೆ ಲೆಕ್ಕ ಬೇರೆಯಾಗುತ್ತದೆ.

ಹೇಗೆ ಬರೆದರೂ ಒಂದನ್ನು ಮಾತ್ರ ತಪ್ಪಿಸಬೇಕು. ಒಂದೇ ಕಂತನ್ನು ಗಂಡ ಜೀವನಾಂಶ ಕೊಟ್ಟೆ ಎಂದೂ ತೋರಿಸಿ, ಮನೆಯ ಮೇಲೆ ಹಾಕಿದ ಹಣ ಎಂದೂ ತೋರಿಸುವುದು. ಅದೇ ರೀತಿ ಹೆಂಡತಿ ಕಂತಿನ ಲಾಭವನ್ನು ಪಡೆದು, ಜೀವನಾಂಶದ ಅರ್ಜಿಯಲ್ಲಿ ಏನೂ ಸಿಕ್ಕಿಲ್ಲ ಎನ್ನುವುದು. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲಗಳ ಅಫಿಡವಿಟ್ ಸಲ್ಲಿಸಬೇಕೆಂದು ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿದೆ. ಆ ಅಫಿಡವಿಟ್ಟಿನ ಸಾಲದ ಕಾಲಮ್ಮನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇಂಥ ಎರಡು ಸಲದ ಎಣಿಕೆ ಸಿಕ್ಕಿಬೀಳುತ್ತದೆ.

ಈಗ ಹಂಚಿಕೆ ಮಾಡೋಣ. ಬೆಲೆ ₹95 ಲಕ್ಷ, ಸಾಲ ₹42.7 ಲಕ್ಷ, ಕೈಗುಳಿಯುವುದು ₹52.3 ಲಕ್ಷ. ಮೊದಲು ಇಬ್ಬರೂ ಕೈಯಿಂದ ಹಾಕಿದ 8 ಮತ್ತು 6 ಲಕ್ಷವನ್ನು ಅವರವರಿಗೆ ತೆಗೆದಿಟ್ಟರೆ ಉಳಿಯುವುದು ₹38.3 ಲಕ್ಷ, ತಲಾ ₹19.15 ಲಕ್ಷ. ಆಮೇಲೆ ₹1.55 ಲಕ್ಷ ಹೆಂಡತಿಯ ಪಾಲಿನಿಂದ ಗಂಡನಿಗೆ. ಕೊನೆಗೆ ಗಂಡನಿಗೆ ₹28.7 ಲಕ್ಷ, ಹೆಂಡತಿಗೆ ₹23.6 ಲಕ್ಷ. ಮನೆ ಹೆಂಡತಿ ಉಳಿಸಿಕೊಳ್ಳುತ್ತಾಳೆ ಎಂದರೆ ಅವಳು ಸಾಲ ಪೂರ್ತಿ ಹೊತ್ತು, ಗಂಡನಿಗೆ ₹28.7 ಲಕ್ಷ ಕೊಡಬೇಕು. ಅವನು ಅವಳಿಗೆ ಒಂದೇ ಸಲಕ್ಕೆ ₹18 ಲಕ್ಷ ಜೀವನಾಂಶ ಕೊಡಲು ಒಪ್ಪಿದ್ದರೆ ಅದನ್ನು ವಜಾ ಮಾಡಿ ₹10.7 ಲಕ್ಷ.

ಕಾಗದದ ಮೇಲೆ ಸರಿಹೋಯಿತು. ಈಗ ಬ್ಯಾಂಕಿಗೆ ಬನ್ನಿ. ಅವಳ ಕೈಗೆ ಬರುವ ಸಂಬಳ ₹85,000 ಎನ್ನಿ. ಬ್ಯಾಂಕು ಸಂಬಳದ ಅರ್ಧದವರೆಗೆ ಕಂತಿಗೆ ಒಪ್ಪುತ್ತದೆಂದು ಹಿಡಿದರೆ ₹42,500. ಈಗಿನ ಕಂತೇ ₹48,600. ಉಳಿದ 11 ವರ್ಷ 6 ತಿಂಗಳ ಅವಧಿಗೆ ಅವಳೊಬ್ಬಳ ಹೆಸರಲ್ಲಿ ಸಾಲ ನಿಲ್ಲುವುದಿಲ್ಲ. ಅವಧಿಯನ್ನು ಮತ್ತೆ 20 ವರ್ಷಕ್ಕೆ ಎಳೆದರೆ ಕಂತು ಸುಮಾರು ₹37,000ಕ್ಕೆ ಇಳಿದು ಅರ್ಜಿ ಪಾಸಾಗುತ್ತದೆ. ಆದರೆ ಆ ಅವಧಿಯುದ್ದಕ್ಕೂ ಅವಳು ಕಟ್ಟುವುದು ಹಳೆಯ ಲೆಕ್ಕಕ್ಕಿಂತ ₹22 ಲಕ್ಷದಷ್ಟು ಹೆಚ್ಚು. ಹಂಚಿಕೆಯ ಪಟ್ಟಿಯಲ್ಲಿ ಈ ಅಂಕಿ ಎಲ್ಲೂ ಕಾಣುವುದಿಲ್ಲ, ಹೊರೆ ಮಾತ್ರ ಮನೆ ಉಳಿಸಿಕೊಂಡವರ ಮೇಲೆ. ಆ ₹10.7 ಲಕ್ಷವನ್ನು ಇಳಿಸುವಂತೆ ಕೇಳುವುದಕ್ಕಾಗಲಿ, ಮೂರು ಕಂತಿನಲ್ಲಿ ಕೊಡುತ್ತೇನೆ ಎನ್ನುವುದಕ್ಕಾಗಲಿ ಇದು ನ್ಯಾಯವಾದ ಕಾರಣ. ಮನೆಯ ಮೇಲಿನ ಮಮತೆಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದೂ ಇದರಿಂದ ಗೊತ್ತಾಗುತ್ತದೆ.

ತಪ್ಪು ಕಲ್ಪನೆ: ಸಾಲದಿಂದ ಹೆಸರು ಹೋದರೆ ಮನೆಯಿಂದಲೂ ಹೋಯಿತು

ಎರಡೂ ಬೇರೆ ಬೇರೆ ಕಾಗದ. ಸಾಲ ಬ್ಯಾಂಕಿನಲ್ಲಿ, ಹಕ್ಕು ನೋಂದಣಿ ಕಚೇರಿಯಲ್ಲಿ. ಗಂಡನ ಅರ್ಧ ಹಕ್ಕು ಹೆಂಡತಿಗೆ ಬರಬೇಕಾದರೆ ಅದಕ್ಕೊಂದು ದಸ್ತಾವೇಜು ಬೇಕು, ಮನೆ ಅಡವಿರುವುದರಿಂದ ಅದಕ್ಕೂ ಮೊದಲು ಬ್ಯಾಂಕಿನ ಒಪ್ಪಿಗೆ ಬೇಕು. ಮಹಾರಾಷ್ಟ್ರದಲ್ಲಿ ಇಲ್ಲೊಂದು ದುಡ್ಡಿನ ಗುಂಡಿಯಿದೆ. ಹಕ್ಕು ಬಿಡುಗಡೆ ಪತ್ರ, ಮರಾಠಿಯ ಹಕ್ಕಸೋಡ್ ಪತ್ರ, ಮುದ್ರಾಂಕದಲ್ಲಿ ಅಗ್ಗ ಎಂದು ಎಲ್ಲರೂ ನಂಬಿದ್ದಾರೆ. ಅಗ್ಗವಾಗುವುದು ಪಿತ್ರಾರ್ಜಿತ ಆಸ್ತಿಯಲ್ಲಿ ಹತ್ತಿರದ ಸಂಬಂಧಿಗಳ ನಡುವೆ. ದಂಪತಿ ತಾವೇ ಕೊಂಡ ಫ್ಲ್ಯಾಟಿಗೆ, ಬಿಟ್ಟುಕೊಡುವ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಕ್ರಯಪತ್ರದಂತೆಯೇ ಸುಂಕ ಬೀಳುತ್ತದೆ. ₹47.5 ಲಕ್ಷದ ಪಾಲಿಗೆ ಅದು ಲಕ್ಷಗಳ ಮಾತು. ಗಂಡಹೆಂಡತಿಯ ನಡುವಿನ ದಾನಪತ್ರಕ್ಕೆ ವಾಸದ ಮನೆಯಾದರೆ ದೊಡ್ಡ ರಿಯಾಯಿತಿ ಇದೆ. ಆದರೆ ಅದು ಗಂಡಹೆಂಡತಿಯಾಗಿರುವವರೆಗೆ ಮಾತ್ರ, ಡಿಕ್ರಿಯಾದ ಮರುದಿನ ಇವರು ಕಾನೂನಿನ ಕಣ್ಣಲ್ಲಿ ಹೊರಗಿನವರು. ಜೊತೆಗೆ, ₹10.7 ಲಕ್ಷ ಎಣಿಸಿಕೊಂಡು ಕೊಟ್ಟದ್ದನ್ನು ದಾನ ಎಂದು ಬರೆದರೆ ಅದು ದಾನವಾಗುವುದಿಲ್ಲ.

ಇದಕ್ಕೆ ನೇರವಾದ ದಾರಿ ಅರ್ಜಿಯಲ್ಲೇ ಇದೆ. ನ್ಯಾಯಾಲಯದ ಡಿಕ್ರಿಗೆ ನೋಂದಣಿ ಕಡ್ಡಾಯವಲ್ಲ. ಆದರೆ ರಾಜಿ ಡಿಕ್ರಿಯಾದರೆ ಆ ವಿನಾಯಿತಿ ಸಿಗುವುದು ಆಸ್ತಿ ಆ ವ್ಯಾಜ್ಯದ ವಿಷಯವೇ ಆಗಿದ್ದಾಗ ಎಂದು ನೋಂದಣಿ ಕಾಯ್ದೆಯ 17ನೆಯ ಕಲಂ ಹೇಳುತ್ತದೆ. ವಿಚ್ಛೇದನದ ಅರ್ಜಿಯಲ್ಲಿ ಫ್ಲ್ಯಾಟಿನ ಸುದ್ದಿಯೇ ಇಲ್ಲದೆ ಕೊನೆಯ ಪುಟದಲ್ಲಿ ಅದನ್ನು ತುರುಕಿದರೆ ತೊಡಕು ಶುರು. ಸರ್ವೆ ನಂಬರು, ಕಟ್ಟಡ, ಫ್ಲ್ಯಾಟ್ ನಂಬರು, ಸಾಲದ ಖಾತೆ ನಂಬರು ಎಲ್ಲವನ್ನೂ ಮೂಲ ಅರ್ಜಿಯ ಷೆಡ್ಯೂಲಿನಲ್ಲೇ ಬರೆಸಿ ಎಂದು ವಕೀಲರಿಗೆ ಮೊದಲ ಭೇಟಿಯಲ್ಲೇ ಹೇಳಬೇಕು.

ತಪ್ಪು ಕಲ್ಪನೆ: ಕಂತು ನಿಲ್ಲಿಸಿದರೆ ಅವರಿಗೆ ಬುದ್ಧಿ ಬರುತ್ತೆ

ಸಿಟ್ಟಿನಲ್ಲಿ ಹೀಗೆ ಮಾಡುವವರು ಬಹಳ. 'ಇರೋರು ಅವರು, ಕಟ್ಟಲಿ' ಎಂದು ಗಂಡ, 'ಸಾಲ ತಗೊಂಡಿದ್ದು ನೀವೇ ಅಲ್ವಾ' ಎಂದು ಹೆಂಡತಿ. ಬ್ಯಾಂಕಿನ ಕಂಪ್ಯೂಟರಿಗೆ ಇಬ್ಬರೂ ಒಂದೇ. ತಡವಾದ ದಿನಗಳ ಲೆಕ್ಕ ಇಬ್ಬರ ಕ್ರೆಡಿಟ್ ವರದಿಗೂ ಹೋಗುತ್ತದೆ. 2025ರ ಜನವರಿಯಿಂದ ಬ್ಯಾಂಕುಗಳು ಈ ಮಾಹಿತಿಯನ್ನು ತಿಂಗಳಿಗೊಮ್ಮೆಯ ಬದಲು ಹದಿನೈದು ದಿನಕ್ಕೊಮ್ಮೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ್ದರಿಂದ, ಗುಟ್ಟಾಗಿ ಒಂದು ಕಂತು ತಪ್ಪಿಸಿ ಮುಂದಿನ ತಿಂಗಳು ಸರಿಮಾಡುವ ಆಟವೂ ನಡೆಯುವುದಿಲ್ಲ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ. ಆಮೇಲೆ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು, ಅದಾದ ಮೇಲೆ ಮನೆ ಸ್ವಾಧೀನಕ್ಕೆ. ಹಂಚಿಕೊಳ್ಳಲು ಇದ್ದ ₹52 ಲಕ್ಷವೇ ಹರಾಜಿನಲ್ಲಿ ಕರಗುತ್ತದೆ.

ಇನ್ನೊಬ್ಬರು ನಿಲ್ಲಿಸಿದರೆ ಏನು ಮಾಡಬೇಕು? ಸಾಧ್ಯವಾದರೆ ನೀವು ಕಟ್ಟಿ, ನಿಮ್ಮ ಖಾತೆಯಿಂದಲೇ ಕಟ್ಟಿ, ನಗದಾಗಿ ಬೇಡ. ಅದೇ ದಿನ ಇಮೇಲ್‌ನಲ್ಲಿ 'ಈ ಕಂತನ್ನು ನಿಮ್ಮ ಪಾಲಿನದೂ ಸೇರಿ ಕಟ್ಟಿದ್ದೇನೆ, ಲೆಕ್ಕದಲ್ಲಿ ಹಿಡಿಯತಕ್ಕದ್ದು' ಎಂದು ಬರೆಯಿರಿ. 43ನೆಯ ಕಲಮಿನಡಿ ಪಾಲು ವಾಪಸು ಕೇಳುವ ದಿನ ಇವೇ ನಿಮ್ಮ ಸಾಕ್ಷಿ.

ಓವರ್‌ಡ್ರಾಫ್ಟ್ ಸಾಲ ಮತ್ತು ಜಂಟಿ ಖಾತೆ

ಗೃಹಸಾಲ ಓವರ್‌ಡ್ರಾಫ್ಟ್ ಮಾದರಿಯದಾದರೆ ಅಪಾಯ ಹೆಚ್ಚು. ಎಸ್‌ಬಿಐನ ಮ್ಯಾಕ್ಸ್‌ಗೇನ್ ಈ ಜಾತಿಯದು. ಬಡ್ಡಿ ಉಳಿಸಲೆಂದು ಉಳಿತಾಯವನ್ನೆಲ್ಲ ಆ ಖಾತೆಯಲ್ಲೇ ಇಟ್ಟಿರುತ್ತಾರೆ, ಬೇಕಾದಾಗ ತೆಗೆಯಬಹುದು. ಇಬ್ಬರಲ್ಲಿ ಯಾರಾದರೂ ತೆಗೆಯಬಹುದೆಂದು ಖಾತೆಯ ನಿಯಮವಿದ್ದರೆ ಒಂದೇ ರಾತ್ರಿಯಲ್ಲಿ ₹6 ಲಕ್ಷ ಹೊರಹೋಗಿ, ಸಾಲ ಅಷ್ಟು ಏರಿ, ಅದಕ್ಕೆ ಇಬ್ಬರೂ ಹೊಣೆಯಾಗಿ ನಿಲ್ಲುತ್ತಾರೆ. 'ಐದರ್ ಆರ್ ಸರ್ವೈವರ್' ಉಳಿತಾಯ ಖಾತೆಯದೂ ಇದೇ ಕಥೆ, ಸಾಲದ ಹೊರೆಯೊಂದು ಇರುವುದಿಲ್ಲ ಅಷ್ಟೇ. ಇನ್ನು ಮುಂದೆ ಇಬ್ಬರ ಸಹಿಯಿಲ್ಲದೆ ಹಣ ಬಿಡಬೇಡಿ ಎಂದು ಶಾಖೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿಯ ಮುದ್ರೆ ಪಡೆಯಿರಿ. ಕಂತು ಅದೇ ಖಾತೆಯಿಂದ ಹೋಗುತ್ತಿದ್ದರೆ ಅದಕ್ಕೆ ಬೇರೆ ಏರ್ಪಾಡು ಮಾಡಿಕೊಂಡು ಆಮೇಲೆ ಪತ್ರ ಕೊಡಿ. ಇಲ್ಲದಿದ್ದರೆ ನಿಮ್ಮ ಪತ್ರವೇ ಕಂತನ್ನು ತಪ್ಪಿಸುತ್ತದೆ.

ತಪ್ಪು ಕಲ್ಪನೆ: ಕ್ರೆಡಿಟ್ ಕಾರ್ಡು ಇಬ್ಬರದೂ, ಬಾಕಿ ಅರ್ಧರ್ಧ

ಅಮೆರಿಕದಲ್ಲಿರುವ ಬಂಧುಗಳ ಮಾತು ಕೇಳಿ ಇಲ್ಲೂ ಜಂಟಿ ಕಾರ್ಡು ಇದೆ ಎಂದುಕೊಳ್ಳುತ್ತಾರೆ. ಇಲ್ಲಿ ಸಾಮಾನ್ಯವಾಗಿ ಇರುವುದು ಒಬ್ಬರ ಕಾರ್ಡು, ಇನ್ನೊಬ್ಬರಿಗೆ ಆಡ್‌ಆನ್. ಆಡ್‌ಆನ್ ಕಾರ್ಡಿನ ಹೊಣೆ ಮೂಲ ಕಾರ್ಡುದಾರರದೇ ಎಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ಸ್ಪಷ್ಟವಾಗಿ ಹೇಳಿದೆ. ಹೆಂಡತಿ ಆಡ್‌ಆನ್‌ನಲ್ಲಿ ಉಜ್ಜಿದ್ದಕ್ಕೆ ಬ್ಯಾಂಕು ಹಿಡಿಯುವುದು ಗಂಡನನ್ನು. ಕಾರ್ಡು ಅವಳ ಹೆಸರಿನದಾದರೆ ಅವಳನ್ನು. ಬೇರೆಯಾದ ದಿನವೇ ಆಡ್‌ಆನ್ ನಿಲ್ಲಿಸಿ. ಕಾರ್ಡನ್ನೇ ಮುಚ್ಚುವುದಾದರೆ ಬಾಕಿ ತೀರಿಸಿ ಕೋರಿದ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ ₹500 ದಂಡವನ್ನು ಕಾರ್ಡು ಕೊಟ್ಟ ಬ್ಯಾಂಕೇ ನಿಮಗೆ ಕೊಡಬೇಕು ಎಂಬುದೂ ಅದೇ ನಿರ್ದೇಶನದಲ್ಲಿದೆ.

ತಪ್ಪು ಕಲ್ಪನೆ: ಗಂಡನ ಸಾಲಕ್ಕೆ ಹೆಂಡತಿ ಹೊಣೆ

ಸಹಿ ಹಾಕದಿದ್ದರೆ ಇಲ್ಲ. ಮದುವೆ ಒಂದರಿಂದಲೇ ಯಾರೂ ಯಾರ ವೈಯಕ್ತಿಕ ಸಾಲಕ್ಕೂ ಹೊಣೆಯಾಗುವುದಿಲ್ಲ. ವಸೂಲಿಯವರು ಫೋನ್ ಮಾಡಿದರೆ ನಿಮ್ಮ ಸಹಿಯಿರುವ ಕಾಗದ ತೋರಿಸಲು ಹೇಳಿ. ಜಾಮೀನು ಹಾಕಿದ್ದರೆ ಮಾತ್ರ ಬೇರೆ. ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು, ವಿಚ್ಛೇದನದಿಂದ ಅದು ಕಳಚುವುದಿಲ್ಲ. ಗಂಡನ ಅಂಗಡಿಯ ಕ್ಯಾಷ್ ಕ್ರೆಡಿಟ್‌ಗೆ ಜಾಮೀನು ಹಾಕಿದ ಹೆಂಡತಿಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಇಂಥ ಮುಂದುವರಿಯುವ ಜಾಮೀನನ್ನು ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟಿಸು ಕೊಟ್ಟು ಹಿಂತೆಗೆಯಲು ಕರಾರು ಕಾಯ್ದೆಯ 130ನೆಯ ಕಲಂ ಅವಕಾಶ ಕೊಡುತ್ತದೆ. ಬ್ಯಾಂಕಿನ ಜಾಮೀನು ಪತ್ರದಲ್ಲಿ ಆ ಹಕ್ಕನ್ನು ಬಿಟ್ಟುಕೊಟ್ಟ ಷರತ್ತು ಇದೆಯೇ ಎಂದು ಮೊದಲು ಓದಿಸಿ ನೋಡಬೇಕು.

ತಪ್ಪು ಕಲ್ಪನೆ: ಆರು ತಿಂಗಳ ಕಾಯುವಿಕೆ ಬರೀ ದಂಡ, ಮನ್ನಾ ಮಾಡಿಸಿಕೊಂಡರೆ ಸಾಕು

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಮೊದಲ ಮೋಷನ್‌ಗೂ ಎರಡನೆಯದಕ್ಕೂ ನಡುವೆ 6 ತಿಂಗಳು ಇರಬೇಕೆಂದು ಹಿಂದೂ ವಿವಾಹ ಕಾಯ್ದೆಯ 13ಬಿ ಹೇಳುತ್ತದೆ. ತಕ್ಕ ಪ್ರಕರಣಗಳಲ್ಲಿ ಇದನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಎಲ್ಲರಿಗೂ ಅವಸರ. ಜಂಟಿ ಸಾಲವಿರುವವರಿಗೆ ಈ ಆರು ತಿಂಗಳು ಅಮೂಲ್ಯ, ಏಕೆಂದರೆ ಬ್ಯಾಂಕಿನ ಕೆಲಸ ಮುಗಿಸಲು ಬೇಕಾಗುವ ಸಮಯ ಇದೇ. ಮೊದಲ ಮೋಷನ್‌ಗೆ ಕನ್ಸೆಂಟ್ ಟರ್ಮ್ಸ್ ಕೊಡುವಾಗ, ಹೆಂಡತಿಯ ಒಂಟಿ ಹೆಸರಿನ ಸಾಲ ಮಂಜೂರಾಗುವುದಕ್ಕೆ ಒಂದು ತಾರೀಖು ಬರೆಯಿರಿ. ಆ ತಾರೀಖಿಗೆ ಮಂಜೂರಾಗದಿದ್ದರೆ ಮನೆ ಮಾರುವುದು ಎಂದೂ, ಯಾವ ಬೆಲೆಯ ಕೆಳಗೆ ಮಾರುವಂತಿಲ್ಲ ಎಂದೂ ಬರೆಯಿರಿ. ಅಲ್ಲಿಯವರೆಗೆ ಯಾರು ಕಂತು ತಪ್ಪಿಸಿದರೂ ಇನ್ನೊಬ್ಬರು ಕಟ್ಟಿ ಬಡ್ಡಿಸಮೇತ ಅದೇ ಕೋರ್ಟಿನಲ್ಲಿ ವಸೂಲು ಮಾಡಬಹುದು ಎಂಬ ಮಾತೂ ಇರಲಿ. ಸಾಲ ತೀರಿದ ಮೇಲೆ ಬ್ಯಾಂಕು 30 ದಿನದೊಳಗೆ ಮೂಲ ಕಾಗದಪತ್ರ ಹಿಂದಿರುಗಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ ₹5,000 ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಆ ಕಾಗದ ಯಾರ ಕೈಗೆ ಬರಬೇಕೆಂಬುದನ್ನೂ ಒಪ್ಪಂದದಲ್ಲೇ ಬರೆಯಿರಿ.

ಎರಡನೆಯ ಮೋಷನ್‌ಗೆ ಸಹಿ ಹಾಕಲು ಹೋಗುವಾಗ ನಿಮ್ಮ ಕೈಯಲ್ಲಿ ಬ್ಯಾಂಕಿನ ಎರಡು ಕಾಗದಗಳಲ್ಲಿ ಒಂದಾದರೂ ಇರಲಿ: ಹಳೆಯ ಸಾಲ ತೀರಿದ ಪತ್ರ, ಇಲ್ಲವೇ ನಿಮ್ಮ ಹೆಸರನ್ನು ಸಾಲದಿಂದ ಬಿಟ್ಟ ಪತ್ರ. ಎರಡೂ ಇಲ್ಲದಿದ್ದರೆ ತಾರೀಖು ಮುಂದೆ ಹಾಕಿಸಿಕೊಳ್ಳಿ. ಮೊದಲ ಅರ್ಜಿಯಿಂದ 18 ತಿಂಗಳವರೆಗೆ ಕಾನೂನೇ ಸಮಯ ಕೊಟ್ಟಿದೆ.